ಪದಚರ್ಚೆ: ರೀಟ್ ಕೊಡುವ ಹಣಕ್ಕೆ ‘ಲಾಭಾಂಶ’ ಅನ್ನಬಹುದೇ? ನಾಳೆ ಮಧ್ಯಾಹ್ನ ಪ್ರೆಸ್ಸಿಗೆ

ಶಿರಸಿಯಿಂದ:

ಬಳಗದವರಿಗೆ ನಮಸ್ಕಾರ. ಇಲ್ಲಿಯ ಸೌಹಾರ್ದ ಸಹಕಾರಿಯೊಂದು ಸದಸ್ಯರಿಗೆ ಹೂಡಿಕೆ ಮಾಹಿತಿ ಸಭೆ ಇಟ್ಟುಕೊಂಡಿದೆ. ಜನರಿಗೆ ಯೂನಿಟ್ ಮಾರಿ ಆ ಹಣವನ್ನು ಬಾಡಿಗೆ ಬರುವ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್, ಅಂದರೆ ರೀಟ್ ಕುರಿತ ಒಂದು ಪುಟದ ಕರಪತ್ರ ಮತ್ತು ಒಂದು ಫ್ಲೆಕ್ಸ್ ಕನ್ನಡಕ್ಕೆ ಆಗಬೇಕು. ಈಗಿರುವ ಕರಡು ವಾಕ್ಯ ಹೀಗಿದೆ:

“ಕಟ್ಟಡಗಳ ಬಾಡಿಗೆಯ ಶೇ. 90ರಷ್ಟನ್ನು ಘಟಕಧಾರಕರಿಗೆ ಲಾಭಾಂಶವಾಗಿ ವಿತರಿಸಲಾಗುವುದು.”

‘ಯೂನಿಟ್ ಹೋಲ್ಡರ್’ಗೆ ಹಾಕಿದ ‘ಘಟಕಧಾರಕ’ ನನಗೇ ಹಿಡಿಸಿಲ್ಲ. ‘ಡಿಸ್ಟ್ರಿಬ್ಯೂಷನ್’ಗೆ ‘ಲಾಭಾಂಶ’ ಸರಿಯೇ? ‘ಪಾಸ್ ಥ್ರೂ’ ಅನ್ನುವುದಕ್ಕೂ ಒಂದು ಪದ ಬೇಕು. ನಾಳೆ ಹನ್ನೆರಡಕ್ಕೆ ಪ್ರೆಸ್ಸಿನವರು ಫೈಲ್ ಕೇಳಿದ್ದಾರೆ.

ಕುಮಟೆಯ ಮಾಸ್ತರರು:

ಒಂದು ವಾಕ್ಯದಲ್ಲಿ ಎರಡು ಸಂಸ್ಕೃತ ಸಮಾಸ. ಓದುವವರು ಅಡಿಕೆ ಬೆಳೆಗಾರರೋ, ಕಾಶಿ ಪಂಡಿತರೋ? ‘ಲಾಭಾಂಶ’ ಹೊರಗೆ ಹಾಕಿ, ‘ಹಂಚಿಕೆ’ ಸಾಕು. ‘ಘಟಕಧಾರಕ’ನ ಬದಲು ‘ಪಾಲುಗಾರ’. ‘ಬಾಡಿಗೆ’ ಕೂಡ ನಮ್ಮದಲ್ಲ, ‘ಭಾಟಕ’ದಿಂದ ಸವೆದು ಬಂದದ್ದು. ನಮ್ಮದು ‘ಗೇಣಿ’. ‘ಗೆಯ್’ ಧಾತುವಿನಿಂದ ಹುಟ್ಟಿದ್ದಿರಬೇಕು, ದುಡಿಮೆಯ ವಾಸನೆ ಇರುವ ಪದ. ಮೂಲಗೇಣಿ, ಚಾಲಗೇಣಿ ಅಂದರೆ ಈ ಜಿಲ್ಲೆಯಲ್ಲಿ ಯಾರಿಗೂ ಅರ್ಥ ಹೇಳಬೇಕಿಲ್ಲ.

ಕಾರವಾರದಿಂದ:

ಮಾಸ್ತರರೇ, ಅದಕ್ಕೇ ‘ಗೇಣಿ’ ಬೇಡ. ಗೇಣಿ ಅಂದ ಕೂಡಲೇ ಇಲ್ಲಿಯವರಿಗೆ ನೆನಪಾಗುವುದು ಭೂಸುಧಾರಣೆ ಕಾಯಿದೆಯ 1974ರ ತಿದ್ದುಪಡಿ, ಗೇಣಿದಾರರು ಒಡೆತನ ಕೇಳಿ ಕೊಟ್ಟ ಫಾರಂ ನಂಬರ್ 7, ಉಳುವವನೇ ಒಡೆಯ. ಐಟಿ ಪಾರ್ಕಿನಲ್ಲಿ ಮೂರು ಮಹಡಿ ಹಿಡಿದ ಕಂಪನಿ ಡಿಕ್ಲರೇಷನ್ ಕೊಟ್ಟು ಕಟ್ಟಡದ ಒಡೆಯ ಆಗುವುದಿಲ್ಲ. ‘ಬಾಡಿಗೆ’ ಎಲ್ಲಿಂದ ಬಂದಿದ್ದರೂ ಇರಲಿ.

ಅಕ್ಕೋರೇ, ನಿಮ್ಮ ವಾಕ್ಯದಲ್ಲಿ ಪದಕ್ಕಿಂತ ದೊಡ್ಡ ತಪ್ಪು ‘ಬಾಡಿಗೆಯ ಶೇ. 90’ ಅನ್ನುವುದು. ಶೇರುಪೇಟೆಯ ನಿಯಂತ್ರಕ ಸೆಬಿಯ 2014ರ ನಿಯಮದಲ್ಲಿ ಇರುವ 90, ಬಾಡಿಗೆಯ ಮೇಲಲ್ಲ, ಖರ್ಚು ಕಳೆದು ಹಂಚಲು ಉಳಿಯುವ ನಗದಿನ ಮೇಲೆ. ಅದೂ ಎರಡು ಮೆಟ್ಟಿಲಲ್ಲಿ. ಕಟ್ಟಡ ಸಾಮಾನ್ಯವಾಗಿ ಟ್ರಸ್ಟಿನ ಕೈಕೆಳಗಿನ ಕಂಪನಿಯ ಹೆಸರಲ್ಲಿರುತ್ತದೆ, ಎಸ್‌ಪಿವಿ ಅನ್ನುತ್ತಾರೆ. ಬಾಡಿಗೆ ಬರುವುದು ಅದಕ್ಕೆ. 100 ರೂಪಾಯಿ ಬಂತು ಅನ್ನಿ. ನಿರ್ವಹಣೆ, ಆಸ್ತಿ ತೆರಿಗೆ ಇತ್ಯಾದಿಗೆ 20, ಬ್ಯಾಂಕಿನ ಸಾಲಕ್ಕೆ 25 ಹೋದರೆ ಉಳಿದದ್ದು 55. ಅದರ ಶೇ. 90, ಅಂದರೆ ಕನಿಷ್ಠ 49.50, ಟ್ರಸ್ಟಿಗೆ ಏರಬೇಕು. ಟ್ರಸ್ಟ್ ತನ್ನ ಖರ್ಚಿಗೆ 1.50 ಕಳೆದರೆ 48. ಅದರ ಶೇ. 90, ಅಂದರೆ ಕನಿಷ್ಠ 43.20, ಯೂನಿಟ್ ಹಿಡಿದವರಿಗೆ. ನಿಯಮದ ಕನಿಷ್ಠಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ. ಆದರೆ ನಿಮ್ಮ ಫ್ಲೆಕ್ಸ್ ಓದಿದವರು 90 ರೂಪಾಯಿ ಬರುತ್ತದೆ ಅಂದುಕೊಳ್ಳುತ್ತಾರೆ.

ಇನ್ನು ‘ಲಾಭಾಂಶ’. ಎಸ್‌ಪಿವಿಯಿಂದ ಟ್ರಸ್ಟಿಗೆ ಹಣ ಒಂದೇ ರೂಪದಲ್ಲಿ ಏರುವುದಿಲ್ಲ. ಟ್ರಸ್ಟ್ ಆ ಕಂಪನಿಗೆ ಶೇರು ಬಂಡವಾಳದ ಜೊತೆ ಸಾಲವನ್ನೂ ಕೊಟ್ಟಿರುತ್ತದೆ. ಹಾಗಾಗಿ ಸ್ವಲ್ಪ ಬಡ್ಡಿಯಾಗಿ, ಸ್ವಲ್ಪ ಡಿವಿಡೆಂಡ್ ಆಗಿ, ಸ್ವಲ್ಪ ಸಾಲದ ಅಸಲಿನ ಮರುಪಾವತಿಯಾಗಿ ಬರುತ್ತದೆ. ಅದೇ ರೂಪದಲ್ಲಿ ನಿಮ್ಮ ಕೈಗೂ ಬರುತ್ತದೆ. ಮೂರರಲ್ಲಿ ಒಂದಕ್ಕೆ ಮಾತ್ರ ‘ಲಾಭಾಂಶ’ ಸಲ್ಲುತ್ತದೆ. ಮೊತ್ತಕ್ಕೆ ಆ ಹೆಸರಿಟ್ಟರೆ ತುಪ್ಪ, ಮಜ್ಜಿಗೆ, ಹಾಲು ಮೂರಕ್ಕೂ ‘ತುಪ್ಪ’ ಅಂದ ಹಾಗೆ.

ಹೊನ್ನಾವರದಿಂದ:

ಇಷ್ಟು ಎಳೆಯುವ ಅಗತ್ಯ ಏನಿತ್ತೋ. ಸೊಸೈಟಿ ವರ್ಷಕ್ಕೊಮ್ಮೆ ಡಿವಿಡೆಂಡ್ ಕೊಡುವುದಿಲ್ಲವೇ, ಇದೂ ಹಾಗೇ. ನನ್ನ ಹತ್ತಿರ 200 ಯೂನಿಟ್ ಇದೆ. ಕಳೆದ ಸಲ ಯೂನಿಟ್ಟಿಗೆ 5.50 ಅಂದಿದ್ದರು, 1,100 ಬರಬೇಕಿತ್ತು, 1,070 ಬಂತು. ತೆರಿಗೆ ಕಡಿಯಬೇಡಿ ಅಂತ ಹಿರಿಯರು ಕೊಡುವ 15ಎಚ್ ಫಾರಂ ಬ್ಯಾಂಕಿಗೆ ಕೊಟ್ಟಿದ್ದೆ, ಆದರೂ ಕಡಿದಿದ್ದಾರೆ. ಬಾಡಿಗೆ ಆದಾಯ ಅಲ್ಲವೇ, ರಿಟರ್ನ್‌ನಲ್ಲಿ ಮನೆ ಬಾಡಿಗೆಯ ಕಲಮಿನಲ್ಲಿ ಹಾಕಿ ಶೇ. 30ರ ಕಡಿತ ತೆಗೆದುಕೊಂಡೆ.

ಕಾರವಾರದಿಂದ:

ಅಯ್ಯೋ ರಾಯರೇ, ಆ ರಿಟರ್ನ್ ತಿದ್ದಿಸಿ. ಪದ ತಪ್ಪಿದರೆ ತೆರಿಗೆ ಹೇಗೆ ತಪ್ಪುತ್ತದೆ ಅನ್ನುವುದಕ್ಕೆ ನಿಮ್ಮ 1,070ಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಘೋಷಣೆಯ ಪತ್ರದಲ್ಲಿ 5.50 ಒಡೆದು ಬರೆದಿರುತ್ತಾರೆ. ಬಡ್ಡಿ 1.50, ಡಿವಿಡೆಂಡ್ 2.50, ಸಾಲದ ಮರುಪಾವತಿ 1.50 ಅಂದುಕೊಳ್ಳಿ. 200 ಯೂನಿಟ್ಟಿಗೆ ಕ್ರಮವಾಗಿ 300, 500, 300. ಬಡ್ಡಿಯ 300ಕ್ಕೆ ಶೇ. 10 ಟಿಡಿಎಸ್, 30 ರೂಪಾಯಿ. ಲೆಕ್ಕ ಸರಿಹೋಯಿತಲ್ಲ? 15ಎಚ್ ಬ್ಯಾಂಕಿನ ಠೇವಣಿ ಬಡ್ಡಿಗೆ ನಡೆಯುತ್ತದೆ, ರೀಟ್ ಕಡಿತಕ್ಕೆ ನಡೆಯುವುದಿಲ್ಲ. ತೆರಿಗೆ ಇಲ್ಲದಿದ್ದರೆ ರಿಟರ್ನ್ ಹಾಕಿ ವಾಪಸು ಪಡೆಯಬೇಕು.

ಡಿವಿಡೆಂಡಿಗೆ ಕಡಿತ ಆಗಿಲ್ಲ ಅಂದರೆ ಆ ಎಸ್‌ಪಿವಿ ಕಡಿಮೆ ದರದ ಕಂಪನಿ ತೆರಿಗೆ ಆರಿಸಿಕೊಂಡಿಲ್ಲ. ಆರಿಸಿಕೊಂಡಿದ್ದರೆ ಡಿವಿಡೆಂಡಿಗೂ ನಿಮ್ಮ ಕೈಯಲ್ಲಿ ತೆರಿಗೆ ಬೀಳುತ್ತಿತ್ತು. ಕೊನೆಯ 300 ಆದಾಯವೇ ಅಲ್ಲ, ನಿಮ್ಮದೇ ಬಂಡವಾಳ ಮರಳಿದ್ದು. ಹಾಗಂತ ಮರೆಯಬೇಡಿ. 2023ರ ಬಜೆಟ್ಟಿನ ನಂತರ ಅದನ್ನು ಖರೀದಿ ಬೆಲೆಯಿಂದ ಕಳೆಯಬೇಕು. 300ಕ್ಕೆ ಕೊಂಡ ಯೂನಿಟ್ಟಿನ ಬೆಲೆ ಈಗ 298.50. ಮಾರುವಾಗ ಲಾಭ ಅಷ್ಟು ಜಾಸ್ತಿ ಕಾಣುತ್ತದೆ.

ಶೇ. 30ರ ಕಡಿತ ಇಲ್ಲಿ ಯಾವುದಕ್ಕೂ ಇಲ್ಲ. ಬಾಡಿಗೆ ಅನ್ನುವುದು ಎಸ್‌ಪಿವಿಯ ಬಾಗಿಲಲ್ಲೇ ಮುಗಿಯಿತು, ನಿಮಗೆ ಬಂದದ್ದು ಬಡ್ಡಿ, ಡಿವಿಡೆಂಡ್, ಸಾಲದ ಮರುಪಾವತಿ. ಟ್ರಸ್ಟ್ ತಾನೇ ನೇರ ಕಟ್ಟಡ ಹೊಂದಿದ್ದರೆ ಮಾತು ಬೇರೆ. ವರ್ಷದ ಕೊನೆಗೆ ಟ್ರಸ್ಟ್ ಕಳಿಸುವ ಹೇಳಿಕೆಯಲ್ಲಿ ಎಲ್ಲವೂ ಬೇರೆ ಬೇರೆ ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ ನೋಡಿ ತುಂಬಬೇಡಿ.

ಕುಮಟೆಯ ಮಾಸ್ತರರು:

ಲೆಕ್ಕ ನನಗೆ ಬೇಡ. ‘ಲಾಭಾಂಶ’ ತಪ್ಪು ಅಂತ ನಾನೂ ಹೇಳಿದ್ದೆ ಅನ್ನುವುದನ್ನು ಗಮನಿಸಿ. ‘ಪಾಲುಗಾರ’ಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಕಾರವಾರದಿಂದ:

ನೀವು ಹೇಳಿದ್ದು ಸಂಸ್ಕೃತ ಅನ್ನುವ ಕಾರಣಕ್ಕೆ. ಪಾಲುಗಾರ ಅಂದರೆ ಜನ ಫರ್ಮಿನ ಪಾಲುದಾರ ಅಂದುಕೊಳ್ಳುತ್ತಾರೆ, ಸಾಲಕ್ಕೆ ತಾವೂ ಹೊಣೆ ಅಂತ ಹೆದರುತ್ತಾರೆ. ಯೂನಿಟ್ ಹಿಡಿದವನಿಗೆ ಕಟ್ಟಡದ ಮೇಲೆ ಹಕ್ಕುಪತ್ರ ಇಲ್ಲ, ಟ್ರಸ್ಟಿನ ಆಸ್ತಿ ಯೂನಿಟ್ ಹಿಡಿದವರ ಪರವಾಗಿ ಟ್ರಸ್ಟಿಯ ಕೈಯಲ್ಲಿರುತ್ತದೆ. ‘ಯೂನಿಟ್‌ದಾರ’ ಇರಲಿ. ಜಮೀನ್ದಾರ, ಹಿಸ್ಸೇದಾರ ಅನ್ನುವ ಊರಿಗೆ ‘ದಾರ’ ಹೊಸದಲ್ಲ.

ಕುಮಟೆಯ ಮಾಸ್ತರರು:

ಇಂಗ್ಲಿಷ್ ತಲೆ, ಪಾರ್ಸಿ ಬಾಲ. 1862ರಲ್ಲಿ ನಮ್ಮನ್ನು ಮುಂಬಯಿಗೆ ಸೇರಿಸಿದಾಗ ಕಚೇರಿಗೆ ಹೊಕ್ಕ ಹಿಸ್ಸೆ, ತಗಾದೆ, ದಾರ, ದಾಖಲೆ ಇನ್ನೂ ಹೊರಟಿಲ್ಲ. ಕಾರವಾರದವರಿಗೆ ಅದು ಸಂಗೀತ.

ಹೊನ್ನಾವರದಿಂದ:

ಮಾಸ್ತರರೇ, ‘ಮಾಸ್ತರ’ ಯಾವ ಧಾತು? ಅದಿರಲಿ, ‘ಗೇಣಿ’ಗೆ ‘ಗೆಯ್’ ಮೂಲ ಅಂತ ಯಾವ ನಿಘಂಟು ಹೇಳುತ್ತದೆ?

ಶಿರಸಿಯಿಂದ:

ಜಗಳ ಆಮೇಲೆ ಮುಂದುವರಿಸಿ. ಪ್ರೆಸ್ಸಿಗೆ ಹೀಗೆ ಕಳಿಸುತ್ತಿದ್ದೇನೆ:

“ಬಾಡಿಗೆಯಲ್ಲಿ ಖರ್ಚು ಮತ್ತು ಸಾಲದ ಕಂತು ಕಳೆದು ಹಂಚಲು ಉಳಿದ ನಗದಿನಲ್ಲಿ ಕನಿಷ್ಠ ಶೇ. 90ನ್ನು ಟ್ರಸ್ಟ್ ಯೂನಿಟ್‌ದಾರರಿಗೆ ಹಂಚಬೇಕು. ಈ ಹಂಚಿಕೆಯಲ್ಲಿ ಬಡ್ಡಿ, ಡಿವಿಡೆಂಡ್, ಬಂಡವಾಳದ ಮರಳಿಕೆ ಬೇರೆ ಬೇರೆ ಇರುತ್ತವೆ, ತೆರಿಗೆಯೂ ಬೇರೆ ಬೇರೆ.”

ಎರಡು ಮೆಟ್ಟಿಲು ಫ್ಲೆಕ್ಸಿನಲ್ಲಿ ಹಿಡಿಯಲಿಲ್ಲ, ಕರಪತ್ರದ ಹಿಂಬದಿಗೆ 100 ರೂಪಾಯಿಯ ಲೆಕ್ಕ ಹಾಕಿದ್ದೇನೆ. ‘ಪಾಸ್ ಥ್ರೂ’ಗೆ ‘ಹಾಯಿಸು’ ಅನ್ನಬಹುದೇ ಅಂತ ಯೋಚಿಸಿದೆ, ತೋಟಕ್ಕೆ ನೀರು ಹಾಯಿಸಿದ ಹಾಗೆ.

ಕಾರವಾರದಿಂದ:

‘ಹಾಯಿಸು’ ಚಂದ ಇದೆ, ಆದರೆ ಅರ್ಥ ಅರ್ಧ. ಪಾಸ್ ಥ್ರೂ ಅನ್ನುವುದು ಹಣ ಹಾಯುವುದಕ್ಕಿಂತ ತೆರಿಗೆಯ ಹೊಣೆ ದಾಟುವುದು. ಬಡ್ಡಿಗೆ ಟ್ರಸ್ಟ್ ತೆರಿಗೆ ಕಟ್ಟುವುದಿಲ್ಲ, ಬಡ್ಡಿ ಬಡ್ಡಿಯಾಗಿಯೇ ನಿಮ್ಮ ಕೈಯಲ್ಲಿ ಲೆಕ್ಕಕ್ಕೆ ಬರುತ್ತದೆ. ಕರಪತ್ರದಲ್ಲಿ ಆ ಪದವನ್ನೇ ಬಿಡಿ, ವಿಷಯ ಹೇಳಿದರೆ ಆಯಿತು.

ಕುಮಟೆಯ ಮಾಸ್ತರರು:

‘ದಾಟುತೆರಿಗೆ’. ಬರೆದುಕೊಳ್ಳಿ. ಮತ್ತೆ ‘ಕನಿಷ್ಠ’ ಯಾಕೆ, ‘ಕಡಿಮೆಯೆಂದರೂ’ ಇಲ್ಲವೇ?