ಬರೆದ ಪರೀಕ್ಷೆಗೆ ‘ಗೈರು’: ಕುಂದುಕೊರತೆ ಅಧಿಕಾರಿಗೆ ಪತ್ರ

ಪ್ರಶ್ನೆ: ಮೂರನೇ ಸೆಮಿಸ್ಟರಿನ ಒಂದು ಪತ್ರಿಕೆಗೆ ಗೈರು ಅಂತ ಬಂದಿದೆ, ಪರೀಕ್ಷೆ ಬರೆದಿದ್ದೇನೆ. ಮೂರು ಸಲ ಕೇಳಿದರೂ ಸರಿಹೋಗಿಲ್ಲ. ಕುಂದುಕೊರತೆ ಅಧಿಕಾರಿಗೆ ಸಿಟ್ಟು ಕಾಣದ ಹಾಗೆ ಹೇಗೆ ಬರೆಯಲಿ?

ಕಾನೂನು ವಿದ್ಯಾರ್ಥಿ: ವಿದ್ಯಾರ್ಥಿಗಳ ದೂರು ವಿಚಾರಿಸುವ ಓಂಬುಡ್ಸ್‌ಪರ್ಸನ್‌ಗೆ ನೇರ ಹಾಕಿ. ಯುಜಿಸಿಯ 2023ರ ನಿಯಮದ ಪ್ರಕಾರ ಅವರು 30 ದಿನದಲ್ಲಿ ಮುಗಿಸಲು ಎಲ್ಲ ಪ್ರಯತ್ನ ಮಾಡಬೇಕು.

ಪರೀಕ್ಷಾ ವಿಭಾಗದ ನಿವೃತ್ತ ಸೂಪರಿಂಟೆಂಡೆಂಟ್: 30 ದಿನ ಸರಿ, ಆದರೆ ಅದು ಮೇಲ್ಮನವಿಗೆ. ಮೊದಲು ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ಕೊಡಬೇಕು. ಅವರು ಆದಷ್ಟು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ, ತೀರ್ಮಾನ ಕೈಗೆ ಬಂದ 15 ದಿನದೊಳಗೆ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು.

ಪತ್ರ ಒಂದೇ ಪುಟ ಇರಲಿ. ವಿಷಯದ ಸಾಲಿನಲ್ಲೇ ನೋಂದಣಿ ಸಂಖ್ಯೆ, ಸೆಮಿಸ್ಟರ್, ಪತ್ರಿಕೆಯ ಕೋಡ್ ಹಾಕಿ. ಮೊದಲ ವಾಕ್ಯದಲ್ಲಿ ಏನು ಆಗಬೇಕು ಅನ್ನುವುದನ್ನು ಬರೆದು, ಆಮೇಲೆ ದಿನಾಂಕಗಳನ್ನು ಹೀಗೆ ಕೊಡಿ:

12-03-2025: ತಿದ್ದುಪಡಿ ಅರ್ಜಿಯನ್ನು ಟಪಾಲು ವಿಭಾಗಕ್ಕೆ ಕೊಟ್ಟಿದ್ದೇನೆ. ಆವಕ ಸಂಖ್ಯೆ ____, ಅಡಕ 1.
09-04-2025: ಇಮೇಲಿನಲ್ಲಿ ನೆನಪೋಲೆ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಅಡಕ 2.
06-05-2025: ಪರೀಕ್ಷಾ ವಿಭಾಗಕ್ಕೆ ಖುದ್ದಾಗಿ ಭೇಟಿ ಕೊಟ್ಟೆ. ಕಾಲೇಜಿನಿಂದ ಹಾಜರಿ ಪಟ್ಟಿ ಬರಬೇಕೆಂದು ತಿಳಿಸಿದರು.

‘ಪದೇ ಪದೇ ಅಲೆಸಿದರು’ ಅಂತ ಬರೆದರೆ ಗುಮಾಸ್ತರು ತಮ್ಮ ಸಮರ್ಥನೆ ಬರೆಯಲು ಕೂರುತ್ತಾರೆ, ನಿಮ್ಮ ಉತ್ತರಪತ್ರಿಕೆ ಹುಡುಕುವ ಕೆಲಸ ಅಲ್ಲೇ ನಿಲ್ಲುತ್ತದೆ. ‘ಉತ್ತರ ಬಂದಿಲ್ಲ’ ಎಂಬ ಎರಡು ಪದ ಸಾಕು.

ಬಿಕಾಂ ವಿದ್ಯಾರ್ಥಿನಿ: ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿದರೆ ಆಗಲ್ವಾ? ನನಗೆ ಹಾಗೇ ಅಂಕ ಹೆಚ್ಚಾಯಿತು.

ಸೂಪರಿಂಟೆಂಡೆಂಟ್: ಇಲ್ಲಮ್ಮ, ಗೈರು ಅಂದಮೇಲೆ ಮತ್ತೆ ತಿದ್ದಲು ಅಂಕವೇ ಇಲ್ಲ. ನೋಂದಣಿ ಸಂಖ್ಯೆಯ ಒಂದು ಅಂಕಿ ತಪ್ಪು ಬರೆದಿದ್ದರೂ ಹೀಗಾಗುತ್ತದೆ. ಆದ್ದರಿಂದ ಪ್ರಾಂಶುಪಾಲರನ್ನು ಕೇಳಿ ಆ ದಿನದ ಕೊಠಡಿ ಹಾಜರಿ ಪಟ್ಟಿಯ ದೃಢೀಕೃತ ಪ್ರತಿ ಪಡೆಯಿರಿ. ಸಹಿಯ ಪಕ್ಕದಲ್ಲಿ ಉತ್ತರಪುಸ್ತಿಕೆಯ ಕ್ರಮಸಂಖ್ಯೆ ಬರೆಸಿದ್ದರೆ, ಅದನ್ನು ಹಿಡಿದೇ ಕಟ್ಟಿನಲ್ಲಿ ಹುಡುಕಬಹುದು. ಅದು ಅಡಕ 3.

ಉಪನ್ಯಾಸಕಿ: ಮೇ 6ರ ಭೇಟಿಗೆ ದಾಖಲೆ ಏನಿದೆ? ಬಾಯಿಮಾತು ಲೆಕ್ಕಕ್ಕೆ ಬರುವುದಿಲ್ಲ. ‘ಆ ದಿನ ತಾವು ಹೀಗೆ ತಿಳಿಸಿದಿರಿ’ ಎಂದು ಈಗಲೇ ಒಂದು ಇಮೇಲ್ ಹಾಕಿ, ಆಮೇಲೆ ಪತ್ರ ಕೊಡಿ. ಇಮೇಲಿಗೆ ಇವತ್ತಿನ ದಿನಾಂಕವೇ ಇರಲಿ.

ಪ್ರಶ್ನೆ ಕೇಳಿದವರು: ನಮ್ಮದು ಸಂಯೋಜಿತ ಕಾಲೇಜು. ಕಾಲೇಜಿನ ಸಮಿತಿಗೋ, ವಿಶ್ವವಿದ್ಯಾಲಯದ್ದಕ್ಕೋ?

ಸೂಪರಿಂಟೆಂಡೆಂಟ್: ತಿದ್ದಬೇಕಾದವರು ಮೌಲ್ಯಮಾಪನ ಕುಲಸಚಿವರು, ಹಾಗಾಗಿ ವಿಶ್ವವಿದ್ಯಾಲಯಕ್ಕೇ ಕೊಡಿ.

ಉಪನ್ಯಾಸಕಿ: ಪ್ರಾಂಶುಪಾಲರ ಮೂಲಕ ಬರಲಿ ಎಂದು ವಾಪಸ್ ಕಳಿಸುವುದೂ ಉಂಟು ಸರ್. ನಾನಾದರೆ ಎರಡೂ ಕಡೆ ಕೊಟ್ಟು ಎರಡು ಸ್ವೀಕೃತಿ ತೆಗೆದುಕೊಳ್ಳುತ್ತೇನೆ.