ಪ್ರಶ್ನೋತ್ತರ: ಹೆಸರು ಹೇಳುವಾಗಲೇ ಗಂಟಲು ಕಟ್ಟುತ್ತದೆ

ಆನಂದ: ಮೇಡಂ, ನನಗೆ ಚಿಕ್ಕಂದಿನಿಂದ ತೊದಲು. ವಿಡಿಯೋ ನೋಡಿ, ದನಿಯನ್ನು ಮೆಲ್ಲಗೆ ಶುರು ಮಾಡೋ ಈಸಿ ಆನ್‌ಸೆಟ್ ಕಲಿತೆ. ರೂಮಲ್ಲಿ ಒಬ್ಬನೇ ಇದ್ದಾಗ ಚೆನ್ನಾಗಿ ಬರುತ್ತೆ. ಫೋನಲ್ಲಿ "ನಮಸ್ಕಾರ, ನಾನು" ಅಂದಮೇಲೆ ಹೆಸರು ಬರಲ್ಲ, ಗಂಟಲಲ್ಲೇ ನಿಂತುಬಿಡುತ್ತೆ. ಆಳವಾಗಿ ಉಸಿರು ತುಂಬಿಕೊಂಡೇ ಶುರು ಮಾಡ್ತೀನಿ. ಎಲ್ಲಿ ತಪ್ಪುತ್ತಿದೆ?

ಶೈಲಜಾ, ಸ್ಪೀಚ್ ಥೆರಪಿಸ್ಟ್: ಉಸಿರು ತುಂಬಿಕೊಂಡ ಮೇಲೆ, ಮಾತಿಗೆ ಮುಂಚೆ, ಒಂದು ಕ್ಷಣ ತಡೀತೀರಾ? ತಡೆದಾಗ ಗಂಟಲೊಳಗೆ ಏನಾಗುತ್ತೆ? ಈಗಲೇ ಒಮ್ಮೆ ಮಾಡಿ ನೋಡಿ ಹೇಳಿ.

ಆನಂದ: ಹೌದು ಮೇಡಂ, ರೆಡಿ ಆಗೋಕೆ ಅಂತ ತಡೀತೀನಿ. ಆಗ ಗಂಟಲು ಬಿಗಿಯಾಗಿ ಮುಚ್ಚಿಕೊಳ್ಳುತ್ತೆ.

ಶೈಲಜಾ: ಹಾಗಾದರೆ ನೀವು ಮಾಡ್ತಿರೋದು ಈಸಿ ಆನ್‌ಸೆಟ್ ಅಲ್ಲ, ಅದರ ತದ್ವಿರುದ್ಧ. ಎದೆ ತುಂಬ ಗಾಳಿ ತಗೊಂಡು ತಡೆದಾಗ ಧ್ವನಿತಂತುಗಳು ಒಂದಕ್ಕೊಂದು ಒತ್ತಿಕೊಂಡು ಮುಚ್ಚುತ್ತವೆ. ಭಾರ ಎತ್ತುವಾಗ ನಮಗೆಲ್ಲ ಆಗೋದು ಅದೇ. ಅವುಗಳ ಕೆಳಗೆ ಗಾಳಿಯ ಒತ್ತಡ ಏರುತ್ತೆ. ಅದನ್ನು ನೂಕಿ ಹೊರಗೆ ತರೋಣ ಅಂತ ನೀವು ಹೊಟ್ಟೆ ಬಿಗಿ ಹಿಡೀತೀರಿ, ತಂತುಗಳು ಇನ್ನೂ ಬಿಗಿಯಾಗುತ್ತವೆ. "ಆ" ಹೊರಗೆ ಬರೋಕೆ ದಾರಿಯೇ ಉಳಿಯಲ್ಲ.

ಮಾಮೂಲಿ ಮಾತಿಗೆ ಎಷ್ಟು ಉಸಿರು ಬೇಕೋ ಅಷ್ಟೇ ತಗೊಳ್ಳಿ. ಉಸಿರು ಒಳಗೆ ಬಂದು ಹೊರಗೆ ತಿರುಗುವ ಜಾಗದಲ್ಲಿ ನಿಲ್ಲಬೇಡಿ. ಗಾಳಿ ಹೊರಗೆ ಹರಿಯೋಕೆ ಶುರುವಾದ ಕೂಡಲೇ ಅದರ ಮೇಲೆ ದನಿ ಇಡಿ, ಪಕ್ಕದವರಿಗೆ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಅದೇ "ಆ"ದಲ್ಲೇ ದನಿಯನ್ನು ಮಾಮೂಲಿ ಮಟ್ಟಕ್ಕೆ ಏರಿಸಿ. ಕಲಿಯುವಾಗ ಈ ಏರಿಕೆಗೆ ಸುಮಾರು ಒಂದು ಸೆಕೆಂಡ್ ಕೊಡಿ. ರೂಢಿಯಾದ ಮೇಲೆ ಕೇಳುವವರ ಗಮನಕ್ಕೇ ಬಾರದಷ್ಟು ಚಿಕ್ಕದು ಮಾಡಬಹುದು. ಹಾಗಂತ ಇದ್ದ ಗಾಳಿಯೆಲ್ಲ ಬಿಟ್ಟು ಆಮೇಲೆ ಶುರು ಮಾಡೋದೂ ತಪ್ಪು. "ಹ್ಹ್‌ಆನಂದ" ಅಂತ ಮುಂದೆ ಹಕಾರ ಕೇಳಿಸಿದರೆ ಗಾಳಿ ಜಾಸ್ತಿ ಹೋಯಿತು ಅಂತ ಲೆಕ್ಕ.

ಸರಿಯಾಗಿದೆಯೋ ಇಲ್ಲವೋ ತಿಳಿಯೋಕೆ ಮೊದಲು ಬೇಕಂತಲೇ ತಪ್ಪಾಗಿ ಮಾಡಿ. ಗಂಟಲಲ್ಲಿ ಟಕ್ ಅನ್ನೋ ಹಾಗೆ ಬಿಗಿಯಾಗಿ "ಆ" ಹೇಳಿ. ಆಮೇಲೆ ಅರ್ಧ ಬಿಗಿ. ಆಮೇಲೆ ಬಿಗಿ ಇಲ್ಲದೆ. ಈ ಮೂರರ ವ್ಯತ್ಯಾಸ ಗಂಟಲಿಗೆ ತಿಳಿಯಬೇಕು, ಕಿವಿಗೆ ತಿಳಿದರೆ ಸಾಲದು. ಬರೀ ಮೆತ್ತಗೆ ಹೇಳೋದನ್ನೇ ಅಭ್ಯಾಸ ಮಾಡಿದವರಿಗೆ ಬಿಗಿತ ಬರುತ್ತಿರೋದು ಗೊತ್ತೇ ಆಗಲ್ಲ. ಕಟ್ಟಿಕೊಂಡ ಮೇಲೆ ಗೊತ್ತಾಗುತ್ತೆ.

ಲೋಕೇಶ್: ಮೇಡಂ ತೊದಲಿಗೆ ಮಾತ್ರೆ ಇದೆಯಾ?

ಶೈಲಜಾ: ತೊದಲಿಗೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ.

ಮಂಜುನಾಥ: ಸರಿ ಉಸಿರಾಟ ಕಲಿತರೆ ತೊದಲೇ ಇರಲ್ಲ ಮೇಡಂ. ಸಮಸ್ಯೆಯ ಮೂಲವೇ ಉಸಿರು. ನಾನು ಬೆಳಿಗ್ಗೆ ಸಂಜೆ ಉಸಿರಾಟದ ಅಭ್ಯಾಸ ಮಾಡಿ 80 ಪರ್ಸೆಂಟ್ ಸುಧಾರಿಸಿದ್ದೀನಿ.

ಶೈಲಜಾ: ನಿಮಗೆ ಅನುಕೂಲ ಆಗಿದ್ದರೆ ಮುಂದುವರಿಸಿ. ಮಾತು ಕಟ್ಟಿಕೊಂಡು ಬ್ಲಾಕ್ ಆದಾಗ ಉಸಿರು ಏರುಪೇರಾಗೋದು ನಿಜ. ಆದರೆ ಉಸಿರು ಕೆಟ್ಟದ್ದರಿಂದ ತೊದಲು ಹುಟ್ಟಿತು ಅನ್ನೋದು ಸರಿಯಲ್ಲ. ಆನಂದ್ ಉಸಿರು ತುಂಬಿಕೊಳ್ಳೋದರಲ್ಲಿ ಏನೂ ಕಮ್ಮಿ ಮಾಡಿಲ್ಲ, ಆದರೂ ಕಟ್ಟಿತು, ನೋಡಿದಿರಲ್ಲ.

ಕಾವ್ಯಾ: ಮೇಡಂ ನನಗೆ ಸ್ವರದಲ್ಲಿ ತೊಂದರೆ ಇಲ್ಲ. ಪ, ಬ, ಕ ಇದ್ದರೆ ತುಟಿ ಅಂಟಿಕೊಂಡುಬಿಡುತ್ತೆ. ತುಟಿ, ನಾಲಿಗೆಯನ್ನು ಹಗುರವಾಗಿ ಮುಟ್ಟಿಸೋದಕ್ಕೆ ಲೈಟ್ ಕಾಂಟ್ಯಾಕ್ಟ್ ಅಂತಾರಲ್ಲ, ಅದನ್ನು ಮಾಡಿದರೆ "ಪುಸ್ತಕ" ಹೋಗಿ "ಫುಸ್ತಕ" ಆಗುತ್ತೆ.

ಶೈಲಜಾ: "ಕ"ಗೆ ಅಂಟೋದು ತುಟಿಯಲ್ಲ, ನಾಲಿಗೆಯ ಹಿಂಭಾಗ. ಅಲ್ಲೇ ಗಮನ ಇಡಿ. "ಪ"ಗೆ ತುಟಿಗಳು ಮುಟ್ಟಲೇಬೇಕು, ಒತ್ತಬಾರದು ಅಷ್ಟೇ. ಮುಟ್ಟೋದನ್ನೇ ಬಿಟ್ಟರೆ ನೀವು ಹೇಳಿದ ಹಾಗೆ "ಫ" ಆಗುತ್ತೆ. ಮೊದಮೊದಲು ಸ್ವಲ್ಪ ಹಾಗೆ ಕೇಳಿಸಿದರೆ ಚಿಂತೆ ಇಲ್ಲ, ಅದು ಗಾಳಿ ನಿಲ್ಲದೆ ಹರಿಯುತ್ತಿದೆ ಅನ್ನೋದರ ಗುರುತು. ಆಮೇಲೆ ತುಟಿಗಳನ್ನು ಕೂದಲೆಳೆಯಷ್ಟು ಹತ್ತಿರ ತರುತ್ತಾ ಹೋಗಿ, "ಪ" ಸ್ಪಷ್ಟವಾಗಿ ಕೇಳಿಸಿದ ಕಡೆ ನಿಲ್ಲಿ. ಎಷ್ಟು ಒತ್ತಡ ಸಾಕು ಅಂತ ಅಲ್ಲಿ ತಿಳಿಯುತ್ತೆ. ಇದರ ಜೊತೆಗೆ ಬಾಯಿ "ಪ"ದಲ್ಲಿ ನಿಂತುಕೊಂಡು ಮುಂದಿನ "ಉ"ಗಾಗಿ ಕಾಯಬಾರದು. ತುಟಿ ಮುಟ್ಟುವಾಗಲೇ ಒಳಗೆ ನಾಲಿಗೆ "ಉ"ಗೆ ಸಿದ್ಧವಾಗಿರಲಿ. ತುಂಬಾ ಜನ ತುಟಿಯನ್ನು ಸರಿಮಾಡಿಕೊಳ್ಳುತ್ತಾರೆ, ಸ್ವರದ ಕಡೆ ಹೋಗೋದನ್ನು ಮರೀತಾರೆ. ಆಮೇಲೆ "ಪ್ ಪ್ ಪ್" ಅಂತಲೇ ಉಳಿಯುತ್ತೆ.

"ಅಪ್ಪ", "ಅಕ್ಕ" ಇಂಥ ಒತ್ತಕ್ಷರಗಳಲ್ಲಿ ಬಾಯಿ ಜಾಸ್ತಿ ಹೊತ್ತು ಮುಚ್ಚಿರಬೇಕು. ಹೊತ್ತು ಜಾಸ್ತಿ ಅಂದರೆ ಬಲ ಜಾಸ್ತಿ ಅಲ್ಲ. ತಂತ್ರ ಚೆನ್ನಾಗಿ ಕಲಿತವರೂ ಇಲ್ಲಿ ಎಡವುತ್ತಾರೆ.

ಗುರುಪ್ರಸಾದ್: ಫಾರ್ವರ್ಡ್ ಬಂದಿದ್ದು: ದಿನಾ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಗಟ್ಟಿಯಾಗಿ ಓದಿ, 21 ದಿನದಲ್ಲಿ ತೊದಲು ಮಾಯ. ಗ್ರೀಸಿನ ಡೆಮಾಸ್ತನೀಸ್ ಹೀಗೇ ಮಹಾ ಭಾಷಣಕಾರನಾದ. ನಾಲಿಗೆ ಕೆಳಗಿನ ದಾರ ಕತ್ತರಿಸಿದರೂ ಗುಣವಾಗುತ್ತೆ. ಎಲ್ಲರಿಗೂ ಹಂಚಿ 🙏

ಶೈಲಜಾ: ಗುರುಪ್ರಸಾದ್ ಅವರೇ, ದಯವಿಟ್ಟು ಇದನ್ನು ಅಳಿಸಿ. ಕಲ್ಲು ಶ್ವಾಸನಾಳಕ್ಕೆ ಜಾರಿದರೆ ಉಸಿರು ಕಟ್ಟುತ್ತೆ, ಮಕ್ಕಳಿಗಂತೂ ಅದು ಕ್ಷಣದ ಕೆಲಸ. ನಾಲಿಗೆ ದಾರಕ್ಕೂ ತೊದಲಿಗೂ ಸಂಬಂಧ ಇಲ್ಲ. ತೊದಲಿಗೆ ಅಂತ ನಾಲಿಗೆ ಕೊಯ್ಯೋದು ಹೊಸ ಯೋಚನೆಯೂ ಅಲ್ಲ. 1841ರಲ್ಲಿ ಡೀಫೆನ್‌ಬಾಕ್ ಅನ್ನೋ ಜರ್ಮನ್ ಸರ್ಜನ್ ಅರಿವಳಿಕೆ ಇಲ್ಲದ ಕಾಲದಲ್ಲಿ ನಾಲಿಗೆಯ ಬುಡವನ್ನೇ ಕೊಯ್ದು ನೋಡಿದ್ದ, ಕೊನೆಗೆ ಆ ದಾರಿಯನ್ನು ವೈದ್ಯರೇ ಕೈಬಿಟ್ಟರು. ಅದು ಈಗ ನಿಮ್ಮ ಫಾರ್ವರ್ಡ್‌ನಲ್ಲಿ ಮತ್ತೆ ಬಂದಿದೆ.

ಗುರುಪ್ರಸಾದ್: ಒಳ್ಳೇದಾಗಲಿ ಅಂತ ಹಾಕಿದ್ದು ತಾಯಿ. ಇಷ್ಟು ಖಾರ ಬೇಡ.

ಫಾತಿಮಾ: ಮೇಡಂ ನನ್ನ ಮಗನಿಗೆ ಮೂರೂವರೆ ವರ್ಷ. ನಾಲ್ಕು ತಿಂಗಳಿಂದ "ನಂ ನಂ ನಂಗೆ" ಅಂತಾನೆ. ಅವರಪ್ಪನಿಗೂ ತೊದಲು ಇದೆ. ಈ ಈಸಿ ಆನ್‌ಸೆಟ್ ಅವನಿಗೆ ಹೇಳಿಕೊಡಲಾ?

ಶೈಲಜಾ: ಬೇಡ. ಈ ವಯಸ್ಸಿನ ಮಗುವಿಗೆ ಗಂಟಲಿನ ಬಿಗಿತ ಗಮನಿಸು ಅಂದರೆ ಮಾತಾಡೋಕೇ ಹಿಂಜರಿಯುತ್ತೆ. "ನಿಧಾನವಾಗಿ ಹೇಳು", "ಉಸಿರು ತಗೊಂಡು ಹೇಳು" ಅಂತಾನೂ ಹೇಳಬೇಡಿ. ನೀವೇ ನಿಧಾನವಾಗಿ ಮಾತಾಡಿ, ಅವನು ಮುಗಿಸೋ ತನಕ ಕಾಯಿರಿ. ತುಂಬಾ ಮಕ್ಕಳಿಗೆ ಇದು ತಾನಾಗಿ ಹೋಗುತ್ತೆ. ಆದರೆ ತಂದೆಗೂ ಇದೆ ಅಂತೀರಿ, ಹಾಗಾಗಿ ಕಾಯದೆ ಈಗಲೇ ಥೆರಪಿಸ್ಟ್‌ಗೆ ತೋರಿಸಿ.

ರೋಹಿತ್: ಎಲ್ಲರೂ ತಂತ್ರ ತಂತ್ರ ಅಂತೀರಲ್ಲ. ನಾನು ಇದನ್ನೆಲ್ಲ ವರ್ಷಗಟ್ಟಲೆ ಮಾಡಿದೆ. ತೊದಲು ಕಮ್ಮಿಯಾಯ್ತು, ಮಾತು ರೋಬೋಟ್ ಥರ ಆಯ್ತು. ಈಗ ಆರಾಮಾಗಿ ತೊದಲ್ತೀನಿ. ಕೇಳೋರಿಗೆ ಕಷ್ಟ ಆದರೆ ಅದು ಅವರ ಸಮಸ್ಯೆ.

ಮಂಜುನಾಥ: ಇದು ಸೋತವರ ಮಾತು ರೋಹಿತ್. ಶ್ರಮ ಪಟ್ಟರೆ ಹೋಗುತ್ತೆ.

ರೋಹಿತ್: 80 ಪರ್ಸೆಂಟ್ ಹೋಯ್ತು ಅಂದ್ರಲ್ಲ, ಉಳಿದ 20ನ್ನು ಶ್ರಮ ಪಟ್ಟು ಯಾಕೆ ಕಳ್ಕೊಂಡಿಲ್ಲ?

ಮಂಜುನಾಥ: ನಿಮ್ಮ ಹತ್ರ ವಾದ ಮಾಡೋಕೆ ಬಂದಿಲ್ಲ.

ಕಾವ್ಯಾ: ಇಬ್ಬರೂ ಸ್ವಲ್ಪ ನಿಲ್ಲಿಸಿ. ನಾನು ಕೇಳಿದ್ದು ಮೇಲೆ ಎಲ್ಲೋ ಹೋಯ್ತು.

ಶೈಲಜಾ: ರೋಬೋಟ್ ಥರ ಆಗೋದು ನಿಜ ರೋಹಿತ್, ಸುಳ್ಳು ಹೇಳಲ್ಲ. ಪ್ರತಿ ಪದಕ್ಕೂ ಈಸಿ ಆನ್‌ಸೆಟ್ ಮಾಡಿದರೆ ಹಾಗಾಗುತ್ತೆ. ಅದು ಬೇಕಾಗಿರೋದು ಒಂದು ಉಸಿರಿನ ಮಾತಿನ ಮೊದಲ ಅಕ್ಷರಕ್ಕೆ ಮಾತ್ರ, ಉಳಿದದ್ದು ಅದರ ಹಿಂದೆ ತಾನಾಗಿ ಹರಿಯಬೇಕು. ಆರಾಮಾಗಿ ತೊದಲೋದು ನಿಮ್ಮ ಆಯ್ಕೆ, ಅದರಲ್ಲಿ ಸೋಲು ಏನೂ ಇಲ್ಲ. ಆನಂದ್ ಕೇಳಿದ್ದು ಬೇರೆ.

ಸುಜಾತಾ: ಮೇಡಂ ನಮ್ಮ ತಂದೆಗೆ 61. ಮೊನ್ನೆಯಿಂದ ಇದ್ದಕ್ಕಿದ್ದ ಹಾಗೆ ತೊದಲ್ತಿದ್ದಾರೆ, ಹಿಂದೆ ಯಾವತ್ತೂ ಇರಲಿಲ್ಲ. ಮೇಲೆ ಬರೆದಿರೋ ಅಭ್ಯಾಸ ಅವರಿಗೂ ಮಾಡಿಸಬಹುದಾ?

ಶೈಲಜಾ: ಸುಜಾತಾ, ಅಭ್ಯಾಸ ಬಿಡಿ, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ತುರ್ತು ವಿಭಾಗಕ್ಕೇ ಹೋಗಿ, ಸರದಿಗೆ ಕಾಯಬೇಡಿ. ಚಿಕ್ಕಂದಿನಿಂದ ಇರೋ ತೊದಲು ಬೇರೆ, ಈ ವಯಸ್ಸಿನಲ್ಲಿ ದಿಢೀರ್ ಶುರುವಾಗೋದು ಬೇರೆ. ಪಾರ್ಶ್ವವಾಯುವಿನ ಲಕ್ಷಣವೂ ಆಗಿರಬಹುದು. ಮುಖ ಒಂದು ಕಡೆ ಜೋತಿದೆಯಾ, ಒಂದು ಕೈ ಸೋತಿದೆಯಾ, ಪದ ಸಿಗದೆ ತಡಕಾಡ್ತಾರಾ, ಬಿದ್ದು ತಲೆಗೆ ಪೆಟ್ಟಾಗಿತ್ತಾ, ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದರಾ, ಇದಿಷ್ಟನ್ನೂ ಡಾಕ್ಟರಿಗೆ ಹೇಳಿ. ಯಾವುದೂ ಇಲ್ಲದಿದ್ದರೂ ಹೋಗಿ. ಶುರುವಾದ ಸಮಯ ನೆನಪಿಟ್ಟುಕೊಳ್ಳಿ, ಮೊದಲು ಕೇಳೋದು ಅದನ್ನೇ.

ಗುರುಪ್ರಸಾದ್: ನಮ್ಮ ನೆಂಟರಿಗೆ ಹೀಗೇ ಆಗಿತ್ತು, ಟೆನ್ಷನ್ ಅಷ್ಟೇ. ಎರಡು ದಿನ ರೆಸ್ಟ್ ಕೊಡಿ.

ಶೈಲಜಾ: ಯಾವ ರೆಸ್ಟೂ ಬೇಡ. ಸುಜಾತಾ, ಇವರ ಮಾತು ಕೇಳಬೇಡಿ, ಹೊರಡಿ.

ಆನಂದ: ಮೇಡಂ, ನೀವು ಹೇಳಿದ ಹಾಗೆ ಉಸಿರು ತಡೆಯದೆ ಮಾಡಿದೆ. ಎರಡು ಕರೆಯಲ್ಲಿ ಹೆಸರು ಬಂತು, ಮೂರನೆಯದರಲ್ಲಿ ಕಟ್ಟಿತು. ಕಟ್ಟಿಕೊಂಡ ಮೇಲೆ ಈಸಿ ಆನ್‌ಸೆಟ್ ಮಾಡೋಕೆ ಹೋದರೆ ಇನ್ನೂ ಗಟ್ಟಿಯಾಗುತ್ತೆ.

ಶೈಲಜಾ: ಆಗಲೇಬೇಕು, ಅದು ಶುರು ಮಾಡೋ ತಂತ್ರ. ಕಟ್ಟಿಕೊಂಡ ಮೇಲೆ ಮಾಡೋದು ಬೇರೆ. ಸ್ವತಃ ತೊದಲುತ್ತಿದ್ದ ವ್ಯಾನ್ ರೈಪರ್ ಅನ್ನೋ ಅಮೆರಿಕದ ಥೆರಪಿಸ್ಟ್ ಅದನ್ನು ರೂಢಿಗೆ ತಂದರು. ಬ್ಲಾಕ್‌ನಿಂದ ಓಡಿಹೋಗಬೇಡಿ, ಪದವನ್ನು ಹೊಸದಾಗಿ ಶುರುವೂ ಮಾಡಬೇಡಿ. ಸಿಕ್ಕಿಕೊಂಡಿರುವಲ್ಲೇ ಇದ್ದು ಗಂಟಲಿನ ಬಿಗಿಯನ್ನು ಕಾಲುಭಾಗ, ಅರ್ಧ ಅಂತ ಇಳಿಸಿ. ದನಿ ತೂರುವಷ್ಟು ಸಡಿಲವಾದಾಗ "ಆ" ಎಳೆದ ಹಾಗೆ ಹೊರಬರುತ್ತೆ, ಅದರಲ್ಲೇ "ನಂದ" ಸೇರಿಸಿ. ಎರಡು ಮೂರು ಸೆಕೆಂಡ್ ಹಿಡಿಯಬಹುದು. ಆ ಸೆಕೆಂಡುಗಳನ್ನು ಕೇಳುಗರಿಂದ ಮುಚ್ಚಿಡೋ ಆತುರ ಬಂದರೆ ಮತ್ತೆ ನೂಕ್ತೀರಿ.

ಇನ್ನೊಂದು. ಹೆಸರಿಗೆ ಮೊದಲು ನಿಲ್ಲೋದನ್ನು ಬಿಡಿ. ಆಡುಮಾತಲ್ಲಿ "ನಾನಾನಂದ" ಅಂತ ಸೇರಿಸಿಯೇ ಹೇಳ್ತೀವಲ್ಲ, ಹಾಗೆ ಹೇಳಿ. "ನಾ"ದಲ್ಲಿ ಮೆಲ್ಲಗೆ ಶುರುವಾದ ದನಿ ನಡುವೆ ಕಡಿಯದೆ ಹೋದರೆ "ಆ"ಗೆ ಹೊಸದಾಗಿ ಶುರು ಮಾಡೋ ಕೆಲಸವೇ ಇರಲ್ಲ. ಬೇರೆ ಪದವಾದರೆ ಬದಲಿಸಿ ತಪ್ಪಿಸಿಕೊಳ್ಳಬಹುದು, ಹೆಸರು ಬದಲಿಸೋಕಾಗಲ್ಲ. ಹಾಗಾಗಿ ಅದರ ಮುಂದೆ ಎಲ್ಲರೂ ನಿಂತು ತಯಾರಾಗ್ತಾರೆ. ಬ್ಲಾಕ್ ಹುಟ್ಟೋದು ಆ ತಯಾರಿಯಲ್ಲೇ.

ರೂಮಲ್ಲಿ ಒಬ್ಬರೇ ಇದ್ದಾಗ ಚೆನ್ನಾಗಿ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ತೊದಲುವವರಲ್ಲಿ ಹೆಚ್ಚಿನವರಿಗೆ ಒಂಟಿಯಾಗಿ ಮಾತಾಡುವಾಗ ತೊದಲು ಬರೋದೇ ಇಲ್ಲ. ಗೆಳೆಯನಿಗೆ ಫೋನ್ ಮಾಡಿ, ಆಮೇಲೆ ಅವನ ಪರಿಚಯದವರಿಗೆ, ಆಮೇಲೆ ಅಪರಿಚಿತರಿಗೆ. ಕೆಲವು ಕರೆಗಳಲ್ಲಿ ಹೆಸರನ್ನು ಬೇಕಂತಲೇ "ಆ ಆ ಆನಂದ" ಅಂತ ಸಡಿಲವಾಗಿ ತೊದಲಿ. ತೊದಲು ಕೇಳಿಸಿದರೂ ಪರವಾಗಿಲ್ಲ ಅಂತಾದರೆ ತಯಾರಾಗೋ ಬಿಗಿತ ತಾನೇ ಇಳಿಯುತ್ತೆ.

ರೋಹಿತ್: ಸುತ್ತಿ ಬಳಸಿ ನಾನು ಹೇಳಿದ್ದಕ್ಕೇ ಬಂದಿರಿ.

ಶೈಲಜಾ: ಅರ್ಧಕ್ಕೆ.

ಪವನ್: ಮೇಡಂ, ನಮ್ಮದೇ ಮಾತು ತಡವಾಗಿ ಕಿವಿಗೆ ಕೇಳಿಸೋ ಆಪ್‌ಗಳು ಕೆಲಸ ಮಾಡ್ತವಾ?

ಶ್ರೀಧರ: ನನ್ನ ಮಗಳು "ಸ" ಹೇಳೋಕೆ "ತ" ಅಂತಾಳೆ, ಅವಳಿಗೂ ಲೈಟ್ ಕಾಂಟ್ಯಾಕ್ಟ್ ಮಾಡಿಸಬೇಕಾ?

ಶೈಲಜಾ: ಶ್ರೀಧರ್, ಅದು ತೊದಲಲ್ಲ, ಉಚ್ಚಾರಣೆಯ ತೊಂದರೆ. ಇದು ಅದಕ್ಕೆ ಉಪಯೋಗಕ್ಕೆ ಬರಲ್ಲ.

ಲೋಕೇಶ್: ಮಾತ್ರೆ ಇಲ್ಲ ಅಂದ್ರಿ, ಟಾನಿಕ್ ಏನಾದರೂ?

ಮಂಜುನಾಥ: ಲೋಕೇಶ್ ಅವರೇ, ನನಗೆ ಪರ್ಸನಲ್ ಮೆಸೇಜ್ ಹಾಕಿ, ಉಸಿರಾಟದ ವಿಡಿಯೋ ಕಳಿಸ್ತೀನಿ.

ಶೈಲಜಾ: ಟಾನಿಕ್ ಕೂಡ ಇಲ್ಲ ಲೋಕೇಶ್. ಸುಜಾತಾ, ಆಸ್ಪತ್ರೆಗೆ ಹೋದಿರಾ? ಮಿಕ್ಕವರಿಗೆ ಉತ್ತರ ಆಮೇಲೆ.