ಲಂಡನ್ ಫ್ಲಾಟಿನ ಬಾಡಿಗೆಗೆ ಹಾಸನದಲ್ಲೂ ತೆರಿಗೆಯೇ?

ಪ್ರಶ್ನೆ: ಹಾಸನದಲ್ಲಿ ವೈದ್ಯ. ಲಂಡನ್ನಿನಲ್ಲಿದ್ದಾಗ ಕೊಂಡ ಫ್ಲಾಟಿನಿಂದ ಬಾಡಿಗೆ ಬರುತ್ತದೆ, ಅಲ್ಲಿ ಸುಮಾರು 80 ಸಾವಿರ ರೂಪಾಯಿ ತೆರಿಗೆ ಕಟ್ಟಿದ್ದೇನೆ. ಇಲ್ಲಿಯೂ ಕಟ್ಟಬೇಕೇ?

ನಿವೃತ್ತ ಬ್ಯಾಂಕ್ ನೌಕರ, ಚಿಕ್ಕಮಗಳೂರು: ಬೇಕಿಲ್ಲ. ಮಲೇಷ್ಯಾದ ರಬ್ಬರ್ ತೋಟದ ಆದಾಯಕ್ಕೆ ಇಲ್ಲಿ ತೆರಿಗೆಯಿಲ್ಲವೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ.

ಲೆಕ್ಕಪರಿಶೋಧಕಿ, ಹಾಸನ: ತೀರ್ಪು ನಿಜ ಸರ್, ಆದರೆ 2008ರ ಅಧಿಸೂಚನೆ ಆ ಬಾಗಿಲು ಮುಚ್ಚಿತು. ಎರಡು ದೇಶಗಳ ತೆರಿಗೆ ಒಪ್ಪಂದದಲ್ಲಿ ಆ ದೇಶ 'ತೆರಿಗೆ ಹಾಕಬಹುದು' ಎಂದಷ್ಟೇ ಇದ್ದರೆ ಆದಾಯವನ್ನು ಇಲ್ಲಿ ಸೇರಿಸಲೇಬೇಕು. ಬ್ರಿಟನ್ ಒಪ್ಪಂದದಲ್ಲಿ ಬಾಡಿಗೆಗೆ ಸಿಗುವುದು ವಿನಾಯಿತಿಯಲ್ಲ, ಕ್ರೆಡಿಟ್, ಅಂದರೆ ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುವುದು.

ಡಾಕ್ಟರೇ, ನಿಮ್ಮ ಬೇರೆ ಆದಾಯ 20 ಲಕ್ಷ, ಶೇ. 30 ಕಡಿತದ ನಂತರದ ಬಾಡಿಗೆ 4 ಲಕ್ಷ ಎಂದುಕೊಳ್ಳಿ. 2025-26ರ ಆರ್ಥಿಕ ವರ್ಷದ ಹೊಸ ಪದ್ಧತಿಯಲ್ಲಿ 24 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 3,12,000, ಅಂದರೆ ಸರಾಸರಿ ಶೇ. 13. ಬಾಡಿಗೆಯ ಪಾಲು 52,000. ಕ್ರೆಡಿಟ್ ಅಷ್ಟಕ್ಕೇ ನಿಲ್ಲುತ್ತದೆ. ಉಳಿದ 28,000 ಮುಂದಿನ ವರ್ಷಕ್ಕೂ ಬರುವುದಿಲ್ಲ, ಮರುಪಾವತಿಯೂ ಇಲ್ಲ. ಇಲ್ಲಿ ಕಟ್ಟುವುದು 2,60,000.

ಸಕಲೇಶಪುರದ ಬೆಳೆಗಾರ: ನಮ್ಮ ಕಾಫಿಯ ಕೃಷಿ ಆದಾಯದಂತೆಯೇ ಆಯಿತಲ್ಲ! ತೆರಿಗೆಯಿಲ್ಲ, ಆದರೆ ಉಳಿದ ಆದಾಯದ ದರ ಏರಿಸಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ವಿದೇಶದ ತೋಟಕ್ಕೂ ಹಾಗೆಯೇ ಇರಬೇಕು.

ಲೆಕ್ಕಪರಿಶೋಧಕಿ: ವಿದೇಶದ ತೋಟಕ್ಕೆ ಆ ಸವಲತ್ತಿಲ್ಲ, ಭೂಮಿ ಭಾರತದಲ್ಲಿರಬೇಕು. ಆದರೆ ನೀವು ಹಿಡಿದ ಎಳೆ ಒಳ್ಳೆಯದು. ಕೆಲವು ದೇಶಗಳ ವಿನಾಯಿತಿ ಪದ್ಧತಿ ಹೀಗೆಯೇ: ಹೊರಗಿನ 4 ಲಕ್ಷ ಬಿಟ್ಟು, 24 ಲಕ್ಷದ ಸರಾಸರಿ ದರವನ್ನು 20 ಲಕ್ಷಕ್ಕೆ ಹಾಕುತ್ತಾರೆ. ಇಲ್ಲಿ ಹಾಗೆ ಮಾಡಿದರೂ ಬರುವುದು 2,60,000! ಅಲ್ಲಿನ ದರ ಇಲ್ಲಿನ ಸರಾಸರಿಗಿಂತ ಹೆಚ್ಚಿದ್ದಾಗ ಎರಡೂ ಪದ್ಧತಿ ಒಂದೇ. ಲಂಡನ್ನಿನಲ್ಲಿ 40,000 ಮಾತ್ರ ಕಟ್ಟಿದ್ದರೆ ಕ್ರೆಡಿಟ್ ಪದ್ಧತಿಯಲ್ಲಿ 2,72,000 ಆಗುತ್ತಿತ್ತು, ವಿನಾಯಿತಿಯಲ್ಲಿ 2,60,000ವೇ.

ಬೇಲೂರಿನ ತಾಯಿ: ಮಗ ದುಬೈನಲ್ಲಿದ್ದಾನೆ, ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ. ಅವನಿಗೂ ಕ್ರೆಡಿಟ್ ಸಿಗುತ್ತದೆಯೇ?

ಲೆಕ್ಕಪರಿಶೋಧಕಿ: ಅಮ್ಮಾ, ಕಟ್ಟದ ತೆರಿಗೆಗೆ ಕ್ರೆಡಿಟ್ ಎಲ್ಲಿಂದ? ಅವನದು ಮೊದಲು ವಾಸಸ್ಥಿತಿಯ ಪ್ರಶ್ನೆ, ತೆರಿಗೆ ಲೆಕ್ಕಕ್ಕೆ ಇಲ್ಲಿನ ನಿವಾಸಿಯೇ ಅಲ್ಲವೇ ಎಂಬುದು; ಅದು ಬೇರೆ ಚರ್ಚೆ.

ವೈದ್ಯ: ಲಂಡನ್ನಿನ ಬಾಡಿಗೆ ಏಜೆಂಟ್ ತೆರಿಗೆ ಕಡಿತ ಮಾಡಿಕೊಂಡ ಚೀಟಿ ಸಾಕೇ?

ಲೆಕ್ಕಪರಿಶೋಧಕಿ: ಅದೇ ಜಾರುವ ಜಾಗ. ಏಜೆಂಟ್ ಹಿಡಿದದ್ದು ಅಂತಿಮ ತೆರಿಗೆಯಲ್ಲ. ಅಲ್ಲಿ ರಿಟರ್ನ್ ಸಲ್ಲಿಸಿ 30,000 ವಾಪಸ್ ಬಂದರೆ ನಿಮ್ಮ ಕ್ರೆಡಿಟ್ಟಿನ ಆಧಾರ 50,000 ಮಾತ್ರ, ಹಾಗಾಗಿ ಅಲ್ಲಿನ ಲೆಕ್ಕ ಮುಗಿಸಿಕೊಂಡೇ ಬನ್ನಿ. ಕ್ರೆಡಿಟ್ ಕೇಳಲು ಇಲ್ಲಿ ಸಲ್ಲಿಸುವ ಫಾರ್ಮ್ 67ಕ್ಕೆ ಚೀಟಿಯ ಜೊತೆಗೆ ಅಂತಿಮ ಲೆಕ್ಕವನ್ನೂ ಲಗತ್ತಿಸಿ. ಪೌಂಡ್ ದರಕ್ಕೆ ತೆರಿಗೆ ಕಟ್ಟಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಟಿಟಿ ಖರೀದಿ ದರ, ಅಂದರೆ ಬ್ಯಾಂಕ್ ವಿದೇಶಿ ಹಣ ಕೊಳ್ಳುವ ದರ, ಹಿಡಿಯಬೇಕು.

ಬ್ಯಾಂಕ್ ನೌಕರ: ಸರಾಸರಿ ದರವೇ ಏಕೆ? ಬಾಡಿಗೆ ಬಿದ್ದಿರುವುದು ಶೇ. 25ರ ಸ್ಲ್ಯಾಬಿನಲ್ಲಲ್ಲವೇ? ಹಾಗಾದರೆ ಮಿತಿ 1,04,000, ಕಟ್ಟಿದ 80,000ವೂ ಸಿಗುತ್ತದೆ.

ಲೆಕ್ಕಪರಿಶೋಧಕಿ: ಕ್ರೆಡಿಟ್ ಕುರಿತ ಆದಾಯ ತೆರಿಗೆಯ 128ನೇ ನಿಯಮ 'ಆ ಆದಾಯದ ಮೇಲಿನ ತೆರಿಗೆ' ಎನ್ನುತ್ತದೆಯೇ ಹೊರತು ಲೆಕ್ಕ ಹಾಕುವ ಬಗೆ ಹೇಳುವುದಿಲ್ಲ. ನಾನು ಸರಾಸರಿಯಲ್ಲೇ ಸಲ್ಲಿಸುತ್ತೇನೆ. ನಿಮ್ಮ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ನೋಟಿಸ್ ಬಂತೇ ಎಂದು ತಿಳಿಸಲಿ.